ಫಾಂಟಿನೊಳಗಿನ ಒಂದು ಅಂಕಿ: ಪಿಡಿಎಫ್ ಎಂಬೆಡಿಂಗ್ ನಿರ್ಬಂಧದ ಚರಿತ್ರೆ

ಅಡೋಬಿ ಸಂಸ್ಥೆಯು 1993ರಲ್ಲಿ ಪಿಡಿಎಫ್ ಕಡತಪ್ರಕಾರವನ್ನು ಹೊರತಂದಾಗ ಅದರ ಉದ್ದೇಶ, ಒಂದು ಕಂಪ್ಯೂಟರಿನಲ್ಲಿ ಸಿದ್ಧಗೊಂಡ ಪುಟವು ಬೇರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಹಾಗೆಯೇ ಕಾಣಬೇಕೆಂಬುದಾಗಿತ್ತು. ಇದಕ್ಕೆ ಎದುರಾದ ಮೊದಲ ತೊಡಕು ಅಕ್ಷರಗಳದು. ಕಡತದೊಳಗೆ ಫಾಂಟಿನ ಹೆಸರಷ್ಟೇ ಇದ್ದು, ಓದುಗನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ, ಅಕ್ರೊಬ್ಯಾಟ್ ತಂತ್ರಾಂಶವು ಮೂಲ ಅಕ್ಷರಗಳ ಅಗಲಕ್ಕೆ ಹೊಂದುವಂತೆ ಬದಲಿ ಅಕ್ಷರಗಳನ್ನು ಹಿಗ್ಗಿಸಿ ಕುಗ್ಗಿಸಿ ತೋರಿಸುತ್ತಿತ್ತು. ಲ್ಯಾಟಿನ್ ಲಿಪಿಯ ಮಟ್ಟಿಗೆ ಈ ಉಪಾಯ ಸಾಕಾಗುತ್ತಿತ್ತಾದರೂ, ಕನ್ನಡದ ಹಳೆಯ ನುಡಿ ಫಾಂಟುಗಳಂತಹ, ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಿಗೆ ಅದು ಯಾವ ರೀತಿಯಲ್ಲೂ ಒದಗುವಂತಿರಲಿಲ್ಲ. ಅಂಥ ಫಾಂಟ್ ಜೊತೆಗಿಲ್ಲದ ಪಿಡಿಎಫ್‌ನಲ್ಲಿ ‘ಕನ್ನಡ’ ಎಂಬ ಪದವು, ಪರದೆಯ ಮೇಲೆ ಕಾಣುವಂತೆ, PÀ£ÀßqÀ ಎಂದು ಮೂಡುತ್ತದೆ.

ಇದಕ್ಕಿರುವ ಪರಿಹಾರವೇ ಎಂಬೆಡಿಂಗ್, ಅಂದರೆ ಫಾಂಟಿನ ದತ್ತಾಂಶವನ್ನೇ ಪಿಡಿಎಫ್‌ನೊಳಗೆ ಸೇರಿಸಿಡುವುದು. ದಾಖಲೆಯಲ್ಲಿ ಬಳಕೆಯಾದ ಅಕ್ಷರಾಕಾರಗಳನ್ನು ಮಾತ್ರ ಸೇರಿಸಿದರೆ ಅದನ್ನು ಸಬ್‌ಸೆಟ್ ಎನ್ನುತ್ತಾರೆ. ಆದರೆ ಓದುಗನಿಗೆ ಅನುಕೂಲವಾದ ಈ ವ್ಯವಸ್ಥೆಯಲ್ಲಿ ಫಾಂಟ್ ತಯಾರಕರು ಅಪಾಯವನ್ನು ಕಂಡರು, ಏಕೆಂದರೆ ಒಬ್ಬನಿಗೆ ಮಾರಿದ ಫಾಂಟಿನ ಪ್ರತಿಯು ದಾಖಲೆಯ ಜೊತೆಗೆ ಹಣ ಕೊಡದ ನೂರಾರು ಜನರನ್ನು ತಲುಪುತ್ತದೆ.

ಆ ಕಾಲಕ್ಕೆ ಟ್ರೂಟೈಪ್ ಎಂಬ ಫಾಂಟ್ ಪ್ರಕಾರವು 1991ರಲ್ಲಿ ಆಪಲ್ ಕಂಪ್ಯೂಟರುಗಳಿಗೂ 1992ರಲ್ಲಿ ವಿಂಡೋಸ್ 3.1ಕ್ಕೂ ಬಂದಿತ್ತು. ಟ್ರೂಟೈಪ್ ಕಡತದಲ್ಲಿ ‘OS/2’ ಎಂಬ ಹೆಸರಿನ ಕೋಷ್ಟಕವೊಂದಿದ್ದು, ಅದರ fsType ಎಂಬ ಸ್ಥಾನದಲ್ಲಿ ತಯಾರಕನು ತನ್ನ ಇಚ್ಛೆಯನ್ನು ಒಂದು ಅಂಕಿಯಾಗಿ ಬರೆದಿಡಬಹುದು. 0 ಎಂದಿದ್ದರೆ ಎಂಬೆಡಿಂಗ್‌ಗೆ ನಿರ್ಬಂಧವಿಲ್ಲ. 8 ಎಂದಿದ್ದರೆ ತಿದ್ದಬಹುದಾದ ದಾಖಲೆಗಳಲ್ಲೂ ಸೇರಿಸಬಹುದು. 4 ಎಂದಿದ್ದರೆ ನೋಡಲು ಮತ್ತು ಮುದ್ರಿಸಲು ಮಾತ್ರ ಸೇರಿಸಬಹುದು. 2 ಎಂದಿದ್ದರೆ ಹಕ್ಕುದಾರರ ಸ್ಪಷ್ಟ ಅನುಮತಿಯಿಲ್ಲದೆ ಸೇರಿಸುವಂತೆಯೇ ಇಲ್ಲ. 4 ಮತ್ತು 8ರ ನಡುವಿನ ಅಂತರವು ಭರ್ತಿ ಮಾಡುವ ಅರ್ಜಿ ನಮೂನೆಗಳಲ್ಲಿ ಮುಖ್ಯವಾಗುತ್ತದೆ, ಏಕೆಂದರೆ ಅಲ್ಲಿ ಓದುಗನೇ ಆ ಫಾಂಟಿನಿಂದ ಹೊಸ ಅಕ್ಷರಗಳನ್ನು ಬರೆಯುತ್ತಾನೆ.

ಈ ಅಂಕಿಯು ಬೀಗವೋ ಅಥವಾ ಬಾಗಿಲಿಗೆ ಅಂಟಿಸಿದ ಸೂಚನೆಯೋ ಎಂಬ ಪ್ರಶ್ನೆಯು ಮುಂದೆ ಅಮೆರಿಕದ ನ್ಯಾಯಾಲಯವನ್ನು ತಲುಪಿತು. 2001ರ ಅಕ್ರೊಬ್ಯಾಟ್ 5ರಲ್ಲಿ, ನೋಡಲು ಮತ್ತು ಮುದ್ರಿಸಲು ಮಾತ್ರ ಅನುಮತಿಯಿದ್ದ ಫಾಂಟುಗಳನ್ನೂ ಅರ್ಜಿಯ ಖಾನೆಗಳಲ್ಲಿ ಮತ್ತು ಟಿಪ್ಪಣಿಗಳಲ್ಲಿ ಎಂಬೆಡ್ ಮಾಡಲು ಸಾಧ್ಯವಿದ್ದುದನ್ನು ಆಕ್ಷೇಪಿಸಿದ ಫಾಂಟ್ ತಯಾರಕ ಆಗ್ಫಾ ಮೊನೊಟೈಪ್ ಸಂಸ್ಥೆಯು, ಇದು ಡಿಜಿಟಲ್ ಕೃತಿಗಳ ರಕ್ಷಣಾ ವ್ಯವಸ್ಥೆಯನ್ನು ಮುರಿಯುವುದನ್ನು ನಿಷೇಧಿಸುವ 1998ರ ಕಾಯಿದೆಯ ಉಲ್ಲಂಘನೆಯೆಂದು ಅಡೋಬಿಯ ವಿರುದ್ಧ ದಾವೆ ಹೂಡಿತು. ಇಲಿನಾಯ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯವು 2005ರಲ್ಲಿ ಅಡೋಬಿಯ ಪರವಾಗಿ ತೀರ್ಪಿತ್ತಿತು. ಆ ಅಂಕಿಯಲ್ಲಿ ಗೂಢಲಿಪೀಕರಣವಿಲ್ಲ, ತೆರೆಯಲು ಗುಪ್ತಪದವೂ ಬೇಕಿಲ್ಲ, ತಾನಾಗಿ ಅದು ಏನನ್ನೂ ತಡೆಯುವುದೂ ಇಲ್ಲ. ಆದ್ದರಿಂದ ಅದನ್ನು ಪ್ರವೇಶ ನಿಯಂತ್ರಣವೆಂದು ಕರೆಯಲಾಗದು ಎಂಬುದು ತೀರ್ಪಿನ ತಿರುಳು.

ಅಂಕಿಯು ಬೀಗವಲ್ಲವೆಂದ ಮಾತ್ರಕ್ಕೆ ಅದನ್ನು ಬದಲಿಸಲು ಅನುಮತಿ ಸಿಕ್ಕಂತಾಗುವುದಿಲ್ಲ. ಬಳಕೆದಾರನನ್ನು ಕಟ್ಟಿಹಾಕುವುದು ಫಾಂಟ್ ಕೊಳ್ಳುವಾಗ ಒಪ್ಪಿಕೊಂಡ ಪರವಾನಗಿ ಪತ್ರ. ಅಂಕಿ ಮತ್ತು ಪತ್ರ ಪರಸ್ಪರ ಹೊಂದದಿರುವುದೂ ಉಂಟು: ಅಂಕಿಯು 0 ಎಂದಿದ್ದರೂ ಪತ್ರವು ಮಾರಾಟದ ಇ-ಪುಸ್ತಕಕ್ಕೆ ಬೇರೆ ಶುಲ್ಕ ಕೇಳಬಹುದು, ಅಂಕಿಯು 2 ಎಂದಿದ್ದರೂ, ಅದು ಫಾಂಟ್ ತಯಾರಿಸುವ ತಂತ್ರಾಂಶವು ತಾನಾಗಿ ಬರೆದುಬಿಟ್ಟದ್ದಾಗಿದ್ದು, ಪತ್ರದಲ್ಲಿ ಎಂಬೆಡಿಂಗ್‌ಗೆ ಒಪ್ಪಿಗೆ ಇರಬಹುದು.

ಉದಾಹರಣೆಗೆ, ಸಂಘವೊಂದರ 64 ಪುಟಗಳ ಸ್ಮರಣ ಸಂಚಿಕೆಯನ್ನು ಊಹಿಸಿಕೊಳ್ಳಬಹುದು. ಅದರ ಒಡಲ ಪಠ್ಯ ಯೂನಿಕೋಡ್ ಫಾಂಟಿನಲ್ಲಿದೆ. ಶೀರ್ಷಿಕೆಗಳು ಮತ್ತು ಅಧ್ಯಕ್ಷರ ಎರಡು ಪುಟಗಳ ಮುನ್ನುಡಿ ಕೊಂಡುತಂದ ಅಲಂಕಾರಿಕ ಫಾಂಟೊಂದರಲ್ಲಿವೆ. ಪಿಡಿಎಫ್ ಮುದ್ರಣಾಲಯಕ್ಕೆ ಹೋದಾಗ ಆ ಭಾಗಗಳು ಮಾತ್ರ ಕೆಟ್ಟು ಕಾಣುತ್ತವೆ. ವಿಂಡೋಸ್‌ನಲ್ಲಿ ಫಾಂಟ್ ಕಡತದ Properties ತೆರೆದು Details ಪುಟದ Font embeddability ಸಾಲನ್ನು ನೋಡಿದರೆ Restricted ಎಂದಿರುತ್ತದೆ. ಪಿಡಿಎಫ್‌ನ ಸ್ಥಿತಿಯನ್ನು ತಿಳಿಯಲು, pdffonts ಉಪಕರಣವನ್ನು ಅಳವಡಿಸಿಕೊಂಡಿದ್ದರೆ, ಈ ಆದೇಶ ಸಾಕು:

```
pdffonts sanchike.pdf
```

ಇದು ಕೊಡುವ ಪಟ್ಟಿಯಲ್ಲಿ emb ಎಂಬ ಕಂಬದಡಿ no ಎಂದಿರುವ ಫಾಂಟ್ ಕಡತದೊಳಗೆ ಸೇರಿಲ್ಲವೆಂದು ಅರ್ಥ.

ಇದನ್ನು ಸರಿಪಡಿಸಲು ಮೊದಲ ದಾರಿ, ಪರವಾನಗಿ ಪತ್ರವನ್ನು ಓದಿ ತಯಾರಕರಿಗೆ ಬರೆದು ಕೇಳುವುದು. ಅವರು ಒಪ್ಪಿದರೆ ಎಂಬೆಡಿಂಗ್‌ಗೆ ಅನುಮತಿಯಿರುವ ಬೇರೆ ಪ್ರತಿಯನ್ನೇ ಕೊಡಬಹುದು. ಮುನ್ನುಡಿಯಂತಹ ಓದುವ ಪಠ್ಯಕ್ಕೆ ಎರಡನೆಯ ದಾರಿಯೇ ಲೇಸು, ಅದೆಂದರೆ ಫಾಂಟನ್ನೇ ಬದಲಿಸುವುದು. ನೋಟೊ ಸಾನ್ಸ್ ಕನ್ನಡದಂತಹ ಫಾಂಟುಗಳಿಗಿರುವ ಎಸ್‌ಐಎಲ್ ಮುಕ್ತ ಫಾಂಟ್ ಪರವಾನಗಿಯು ದಾಖಲೆಗಳಲ್ಲಿ ಎಂಬೆಡ್ ಮಾಡುವುದನ್ನು ಸ್ಪಷ್ಟವಾಗಿ ಒಪ್ಪುತ್ತದೆ. ಆದರೆ ಅಲಂಕಾರಿಕ ಫಾಂಟ್ ಹಳೆಯ ಸಂಕೇತಕ್ರಮದ್ದಾಗಿದ್ದರೆ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು; ಇಲ್ಲವಾದರೆ ಹೊಸ ಫಾಂಟಿನಲ್ಲೂ PÀ£ÀßqÀ ಎಂಬುದೇ ಉಳಿಯುತ್ತದೆ. ಪರಿವರ್ತನೆಯಲ್ಲಿ ಒತ್ತಕ್ಷರಗಳು ಮತ್ತು ಅರ್ಕಾವೊತ್ತು ತಪ್ಪುವುದುಂಟಾದ್ದರಿಂದ ಕರಡು ಮತ್ತೊಮ್ಮೆ ತಿದ್ದಬೇಕಾಗುತ್ತದೆ, ಅಕ್ಷರದ ಅಗಲ ಬದಲಾಗಿ ಸಾಲುಗಳು ಮುಂದಿನ ಪುಟಕ್ಕೆ ಜಾರಿವೆಯೇ ಎಂದೂ ನೋಡಬೇಕಾಗುತ್ತದೆ.

ಶೀರ್ಷಿಕೆಗಳ ಅಂದವನ್ನು ಬಿಡಲಾಗದಿದ್ದರೆ ಮೂರನೆಯ ದಾರಿಯಿದೆ: ವಿನ್ಯಾಸ ತಂತ್ರಾಂಶದಲ್ಲಿ ಅವುಗಳನ್ನು ಔಟ್‌ಲೈನ್ ಆಗಿಸುವುದು, ಅಂದರೆ ಅಕ್ಷರಗಳನ್ನು ಕೇವಲ ರೇಖಾಚಿತ್ರಗಳಾಗಿ ಬದಲಿಸುವುದು. ಇನ್‌ಡಿಸೈನ್‌ನಲ್ಲಿ ಇದಕ್ಕೆ Type ಪಟ್ಟಿಯಡಿ Create Outlines ಎಂಬ ಆದೇಶವಿದೆ. ಇದಕ್ಕೂ ಪರವಾನಗಿಯ ಒಪ್ಪಿಗೆ ಬೇಕು. ಚಿತ್ರರೂಪದ ಬಳಕೆಯನ್ನು ಅನೇಕ ಪತ್ರಗಳು ಒಪ್ಪುತ್ತವೆಯಾದರೂ ಎಲ್ಲವೂ ಅಲ್ಲ. ಚಿತ್ರವಾದ ಪದವನ್ನು ಹುಡುಕಲಾಗದು, ನಕಲಿಸಲಾಗದು, ದೃಷ್ಟಿಹೀನರಿಗಾಗಿರುವ ಓದುವ ತಂತ್ರಾಂಶವು ಅದನ್ನು ಉಚ್ಚರಿಸಲಾರದು. ಸಣ್ಣ ಗಾತ್ರದ ಅಕ್ಷರಗಳು ಪರದೆಯ ಮೇಲೆ ತುಸು ದಪ್ಪವಾಗಿಯೂ ಕಾಣುತ್ತವೆ. ಆದ್ದರಿಂದ ಇದು ನಾಲ್ಕಾರು ಪದಗಳ ಶೀರ್ಷಿಕೆಗೆ ಸರಿ, ಮುನ್ನುಡಿಗೆ ಸಲ್ಲದು. ಔಟ್‌ಲೈನ್ ಮಾಡುವ ಮೊದಲು ಮೂಲ ಕಡತದ ಪ್ರತಿಯೊಂದನ್ನು ಉಳಿಸಿಕೊಳ್ಳದಿದ್ದರೆ, ಮುಂದೆ ಕಂಡ ಕಾಗುಣಿತದ ತಪ್ಪನ್ನು ತಿದ್ದಲು ಶೀರ್ಷಿಕೆಯನ್ನೇ ಹೊಸದಾಗಿ ಟೈಪ್ ಮಾಡಬೇಕಾಗುತ್ತದೆ. ವರ್ಡ್ ತಂತ್ರಾಂಶದಲ್ಲಿ ಪಿಡಿಎಫ್ ಉಳಿಸುವಾಗ ಸಿಗುವ Bitmap text when fonts may not be embedded ಎಂಬ ಆಯ್ಕೆಯು ಇದೇ ಜಾತಿಯದು. ಅದು ಅಕ್ಷರಗಳನ್ನು ಚುಕ್ಕೆಗಳ ಚಿತ್ರವಾಗಿಸುವುದರಿಂದ ಹಿಗ್ಗಿಸಿ ನೋಡಿದಾಗ ಅಂಚುಗಳು ಒಡೆಯುತ್ತವೆ.

ದಾಖಲೆಯನ್ನು ದೀರ್ಘಕಾಲ ಸಂಗ್ರಹದಲ್ಲಿ ಇಡಬೇಕಾದಾಗ ಆಯ್ಕೆ ಇನ್ನೂ ಕಿರಿದಾಗುತ್ತದೆ. ಇದಕ್ಕಾಗಿ 2005ರಲ್ಲಿ ಬಂದ ಪಿಡಿಎಫ್/ಎ ಎಂಬ ಅಂತರರಾಷ್ಟ್ರೀಯ ಮಾನಕವು, ಪುಟದಲ್ಲಿ ಕಾಣುವ ಪಠ್ಯದ ಫಾಂಟುಗಳೆಲ್ಲ ಎಂಬೆಡ್ ಆಗಿರಬೇಕೆಂದೂ ಅವು ಕಾನೂನುಬದ್ಧವಾಗಿ ಎಂಬೆಡ್ ಮಾಡಬಹುದಾದವೇ ಆಗಿರಬೇಕೆಂದೂ ಹೇಳುತ್ತದೆ. ಹಾಗಾಗಿ ಸಂಚಿಕೆಯ ಕೆಲಸ ಮುಗಿದ ಮೇಲೆ pdffonts ಆದೇಶವನ್ನು ಮತ್ತೊಮ್ಮೆ ಕೊಡುವುದು ಒಳ್ಳೆಯದು: ಆಗ ಪಟ್ಟಿಯಲ್ಲಿ ಉಳಿದ ಪ್ರತಿ ಫಾಂಟಿನ ಮುಂದೆಯೂ yes ಎಂದಿರಬೇಕು, ಔಟ್‌ಲೈನ್ ಆದ ಅಲಂಕಾರಿಕ ಫಾಂಟಿನ ಹೆಸರು ಅಲ್ಲಿ ಕಾಣಲೇಬಾರದು. ಕಂಡರೆ, ಯಾವುದೋ ಪುಟದ ಮೂಲೆಯಲ್ಲಿ, ಬಹುಶಃ ಪುಟಸಂಖ್ಯೆಯಲ್ಲೋ ಖಾಲಿ ಜಾಗವೊಂದರಲ್ಲೋ, ಅದು ಇನ್ನೂ ಉಳಿದುಕೊಂಡಿದೆ ಎಂದು ತಿಳಿಯಬೇಕು.