ಮೂರು ಇಂಜೆಕ್ಷನ್ ಆದಮೇಲೂ ನಾಯಿಮರಿಗೆ ಪಾರ್ವೊ ಬಂದಿದ್ದು ಹೇಗೆ?

ಇವತ್ತು ಒಂದು ವ್ಯಾಕ್ಸಿನ್ ಕಾರ್ಡ್ ಬಗ್ಗೆ ಮಾತಾಡೋಣ. ನಮ್ಮ ಗೆಳೆಯನೊಬ್ಬನ ಮನೆಗೆ ಬಂದ ಲ್ಯಾಬ್ರಡಾರ್ ಮರಿಯದ್ದು. ಹೆಸರು ಶೇರು. ಹುಟ್ಟಿದ್ದು ಜೂನ್ 1. ಕಾರ್ಡ್‌ನಲ್ಲಿ ಮೂರು ಸ್ಟಿಕ್ಕರ್, ಮೂರು ಸಹಿ: ಜುಲೈ 13, ಆಗಸ್ಟ್ 3, ಆಗಸ್ಟ್ 24. ಅಂದ್ರೆ ಆರನೇ ವಾರ, ಒಂಬತ್ತನೇ ವಾರ, ಹನ್ನೆರಡನೇ ವಾರ. ಅದರ ಕೆಳಗೆ, ಮುಂದಿನ ಡೋಸ್ ಒಂದು ವರ್ಷದ ನಂತರ ಅಂತ ಬರೆದಿತ್ತು.

ಮೂರನೇ ಡೋಸ್ ಆಗಿ ಒಂದು ವಾರ ಕಾದು, ಇವನು ಶೇರುನ ದಿನಾ ಬೆಳಗ್ಗೆ ಬಡಾವಣೆಯ ಮೈದಾನಕ್ಕೆ ಕರ್ಕೊಂಡು ಹೋಗೋಕೆ ಶುರು ಮಾಡಿದ. ಸೆಪ್ಟೆಂಬರ್ 14ಕ್ಕೆ ಮರಿ ಊಟ ಬಿಡ್ತು. ಸಂಜೆಗೆ ವಾಂತಿ. ಮರುದಿನ ರಕ್ತ ಬೆರೆತ, ತಡೆಯೋಕಾಗದ ವಾಸನೆಯ ಭೇದಿ. ಪರೀಕ್ಷೆ ಮಾಡಿದರೆ ಪಾರ್ವೊ. ನನಗೆ ಫೋನ್ ಮಾಡಿ ಇವನು ಹೇಳಿದ್ದು ಒಂದೇ ಮಾತು: "ಮೂರೂ ಡೋಸ್ ಹಾಕ್ಸಿದೀನಿ ಕಣೋ, ಹೆಂಗೆ ಬಂತು?"

ಅದಕ್ಕಿಂತ ವಿಚಿತ್ರ ಇನ್ನೊಂದಿದೆ. ಶೇರುವಿನ ತಂಗಿ, ಅದೇ ತಾಯಿ ಒಟ್ಟಿಗೆ ಹೆತ್ತ ಮರಿ, ಪಕ್ಕದ ರಸ್ತೆಯ ಇವನ ಅತ್ತೆಯ ಮನೆಯಲ್ಲಿದೆ. ಅದೇ ಕ್ಲಿನಿಕ್, ಅದೇ ದಿನ, ಅದೇ ಇಂಜೆಕ್ಷನ್. ಅದೇ ಮೈದಾನಕ್ಕೆ ಹೋಗ್ತಿತ್ತು. ಅದಕ್ಕೆ ಏನೂ ಆಗಲಿಲ್ಲ.

ಲಸಿಕೆ ನಕಲಿ ಇರಬೇಕು ಅಂತ ಎಲ್ಲರಿಗೂ ಮೊದಲು ಅನುಮಾನ ಬಂತು. ಫ್ರಿಡ್ಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡದೆ ಹಾಳಾದ ಲಸಿಕೆಯೂ ಕೆಲಸ ಮಾಡಲ್ಲ, ಅದು ನಿಜ. ಆದರೆ ಒಂದೇ ದಿನ ಅದೇ ಲಸಿಕೆ ತೆಗೆದುಕೊಂಡ ತಂಗಿ ಚೆನ್ನಾಗಿದ್ದಾಳಲ್ಲ? ಹಾಗಾಗಿ ಬೇರೆ ಕಡೆ ಹುಡುಕಬೇಕು. ಆ ಬೇರೆ ಕಡೆ ಅಂದ್ರೆ ತಾಯಿಯ ಹಾಲು.

ಹಸು ಕರು ಹಾಕಿದಾಗ ಗಿಣ್ಣು ಹಾಲು ಬರುತ್ತಲ್ಲ, ನಾಯಿಗೂ ಹಾಗೇ. ಹೆತ್ತ ಕೂಡಲೇ ಬರುವ ಆ ಮೊದಲ ಹಾಲಿನಲ್ಲಿ ತಾಯಿಯ ಆ್ಯಂಟಿಬಾಡಿಗಳು ತುಂಬಿರುತ್ತವೆ. ಗರ್ಭದಲ್ಲಿದ್ದಾಗ ಮರಿಗೆ ಸಿಗೋದು ಬಹಳ ಕಡಿಮೆ, ಹೆಚ್ಚಿನದೆಲ್ಲ ಈ ಹಾಲಿನಿಂದಲೇ ಬರಬೇಕು. ಮರಿಯ ಕರುಳು ಅವನ್ನು ಹಾಗೇ ರಕ್ತಕ್ಕೆ ಬಿಡೋದು ಹುಟ್ಟಿದ ಮೊದಲ ಒಂದು ದಿನ ಮಾತ್ರ. ಆಮೇಲೆ ಬಾಗಿಲು ಮುಚ್ಚಿದ ಹಾಗೆ. ಮೊದಲು ಹುಟ್ಟಿ, ಗಟ್ಟಿಯಾಗಿ ಕುಡಿದ ಮರಿಗೆ ಜಾಸ್ತಿ ಸಿಗುತ್ತೆ. ಕೊನೆಗೆ ಹುಟ್ಟಿದ, ಬಡಕಲು ಮರಿಗೆ ಕಡಿಮೆ. ಒಂದೇ ತಾಯಿಯ ಮರಿಗಳಲ್ಲೂ ವ್ಯತ್ಯಾಸ ಇಲ್ಲೇ ಶುರುವಾಗೋದು.

ಇದು ತಾಯಿ ಕೊಟ್ಟ ಬಂಡವಾಳ, ಮರಿಯ ಸ್ವಂತ ದುಡಿಮೆ ಅಲ್ಲ. ದಿನದಿನಕ್ಕೂ ಕರಗುತ್ತೆ. ನಾನು ಬಿ.ಕಾಂ. ಓದಿದವನು, ನನಗೆ ಇದು ಅರ್ಥವಾಗಿದ್ದು ಡಿಪ್ರಿಸಿಯೇಷನ್ ಲೆಕ್ಕದಲ್ಲಿ. ಮೆಷಿನ್‌ನ ಬೆಲೆಯಲ್ಲಿ ಪ್ರತಿವರ್ಷ ಉಳಿದದ್ದರ ಇಂತಿಷ್ಟು ಪಾಲು ಕಳೀತೀವಲ್ಲ, ಹಾಗೆ. ಪಾರ್ವೊ ವಿರುದ್ಧದ ತಾಯಿ ಆ್ಯಂಟಿಬಾಡಿ ಸುಮಾರು 10 ದಿನಕ್ಕೊಮ್ಮೆ ಅರ್ಧ ಆಗುತ್ತೆ.

ಈಗ ಮುಖ್ಯ ವಿಷಯ. ನಾಯಿಮರಿಗೆ ಕೊಡುವ ಪಾರ್ವೊ ಲಸಿಕೆಯಲ್ಲಿ ಇರೋದು ಬಲ ಕುಗ್ಗಿಸಿದ, ಆದರೆ ಜೀವಂತ ವೈರಸ್. ಅದು ಮರಿಯ ದೇಹದೊಳಗೆ ಸ್ವಲ್ಪ ಬೆಳೆದರೆ ಮಾತ್ರ ದೇಹ ಅದನ್ನು ಗುರುತಿಸಿ, ತನ್ನದೇ ಆ್ಯಂಟಿಬಾಡಿ ತಯಾರಿಸೋದು ಕಲಿಯುತ್ತೆ. ತಾಯಿಯ ಆ್ಯಂಟಿಬಾಡಿ ಇನ್ನೂ ರಕ್ತದಲ್ಲಿದ್ದರೆ, ಲಸಿಕೆಯ ವೈರಸ್ ಬೆಳೆಯೋಕೆ ಮೊದಲೇ ಅದನ್ನು ಹಿಡಿದು ಮುಗಿಸಿಬಿಡುತ್ತೆ. ದೇಹ ಏನೂ ಕಲಿಯಲ್ಲ. ಇಂಜೆಕ್ಷನ್ ಕಾರ್ಡ್‌ನಲ್ಲಿ ಇರುತ್ತೆ, ಮೈಯಲ್ಲಿ ಇರಲ್ಲ.

ಹಾಗಾದ್ರೆ ತಾಯಿಯ ಆ್ಯಂಟಿಬಾಡಿ ಇರುವವರೆಗೂ ಮರಿ ಸುರಕ್ಷಿತ ತಾನೇ ಅಂತ ಕೇಳಬಹುದು. ಅಲ್ಲ, ತೊಂದರೆ ಇರೋದೇ ಅಲ್ಲಿ. ಬೀದಿಯಲ್ಲಿರೋ ನಿಜವಾದ ಪಾರ್ವೊ ಬಲಶಾಲಿ, ರಾಶಿರಾಶಿ ಬರುತ್ತೆ. ಅದನ್ನು ತಡೆಯೋಕೆ ತುಂಬ ಆ್ಯಂಟಿಬಾಡಿ ಬೇಕು. ಲಸಿಕೆಯ ವೈರಸ್ ದುರ್ಬಲ, ಪ್ರಮಾಣವೂ ಕಡಿಮೆ. ಅದನ್ನು ಮುಗಿಸೋಕೆ ಸ್ವಲ್ಪ ಆ್ಯಂಟಿಬಾಡಿ ಸಾಕು. ಹಾಗಾಗಿ ನಡುವೆ ಒಂದು ಅವಧಿ ಬರುತ್ತೆ: ರೋಗ ತಡೆಯೋಕೆ ಆ್ಯಂಟಿಬಾಡಿ ಸಾಲದು, ಆದರೆ ಲಸಿಕೆ ಕೆಡಿಸೋಕೆ ಸಾಕು. ಪ್ರತಿ ಮರಿಯೂ ಈ ಅವಧಿಯನ್ನು ದಾಟಲೇಬೇಕು. ಯಾವ ವಾರದಲ್ಲಿ ಅನ್ನೋದು ಮಾತ್ರ ಮರಿಯಿಂದ ಮರಿಗೆ ಬೇರೆ.

ಅಣ್ಣ ತಂಗಿ ಇಬ್ಬರದ್ದೂ ಲೆಕ್ಕ ಹಾಕಿ ನೋಡೋಣ. ಅವರ ರಕ್ತವನ್ನು ಯಾರೂ ಅಳೆದಿರಲಿಲ್ಲ, ಆದ್ದರಿಂದ ಇವು ಉದಾಹರಣೆಯ ಅಂಕಿಗಳು. ಆ್ಯಂಟಿಬಾಡಿ 80ಕ್ಕಿಂತ ಮೇಲಿದ್ದರೆ ರೋಗ ತಡೆಯುತ್ತೆ, 10ರ ಹತ್ತಿರ ಇಳಿದರೆ ಲಸಿಕೆ ಹಿಡಿಯುತ್ತೆ ಅಂತ ಇಟ್ಟುಕೊಳ್ಳಿ. 

ತಂಗಿ ಸ್ವಲ್ಪವೇ ಹಾಲು ಕುಡಿದಿದ್ದಳು, 640ರಿಂದ ಶುರು. 10 ದಿನಕ್ಕೆ 320, 20ಕ್ಕೆ 160, 30ಕ್ಕೆ 80. ಅಂದ್ರೆ ಒಂದು ತಿಂಗಳಿಗೇ ತಾಯಿಯ ರಕ್ಷಣೆ ಮುಗೀತು. ಆರನೇ ವಾರದ ಡೋಸ್ ಹೊತ್ತಿಗೆ ಇನ್ನೂ 35ರಷ್ಟು ಉಳಿದಿದೆ, ಆ ಡೋಸ್ ವ್ಯರ್ಥ. ಒಂಬತ್ತನೇ ವಾರಕ್ಕೆ 10ಕ್ಕಿಂತ ಕೆಳಗಿದೆ, ಎರಡನೇ ಡೋಸ್ ಹಿಡೀತು. ಅಲ್ಲಿಂದ ಅವಳು ಗಟ್ಟಿ. 

ಶೇರು ದಷ್ಟಪುಷ್ಟ ಮರಿ, ಹೊಟ್ಟೆ ತುಂಬ ಕುಡಿದಿದ್ದ. ಅವನದ್ದು 10,240ರಿಂದ ಶುರು ಅಂದ್ಕೊಳ್ಳಿ. ಪ್ರತಿ 10 ದಿನಕ್ಕೆ ಅರ್ಧ ಮಾಡ್ತಾ ಬಂದರೆ 80ಕ್ಕೆ ಇಳಿಯೋದು 70ನೇ ದಿನ, ಅಂದ್ರೆ ಆಗಸ್ಟ್ 10. ಅಲ್ಲಿಂದ ತಾಯಿಯ ರಕ್ಷಣೆ ಇಲ್ಲ. ಮೊದಲ ಎರಡು ಡೋಸ್ ಅದಕ್ಕೂ ಮೊದಲೇ ಹೋಗಿವೆ. ಆಗಸ್ಟ್ 24ಕ್ಕೆ ಮೂರನೇ ಡೋಸ್ ಕೊಟ್ಟಾಗ ಇನ್ನೂ 30ರಷ್ಟು ಇದೆ, ಅದೂ ವ್ಯರ್ಥ. 10ಕ್ಕೆ ಇಳಿಯೋದು 100ನೇ ದಿನ, ಸೆಪ್ಟೆಂಬರ್ 9. ಆದರೆ ಅಷ್ಟರಲ್ಲಿ ಕಾರ್ಡ್ ಪ್ರಕಾರ ಎಲ್ಲ ಡೋಸ್ ಮುಗಿದಿತ್ತು, ಮರಿ ಮೈದಾನದಲ್ಲಿ ಮೂಸುತ್ತಾ ಓಡಾಡುತ್ತಿತ್ತು.

ಚೆನ್ನಾಗಿ ಲಸಿಕೆ ಹಾಕಿಸಿದ, ಆರೋಗ್ಯವಂತ ತಾಯಿಯ ಗಟ್ಟಿ ಮರಿಗೇ ಲಸಿಕೆ ತಡವಾಗಿ ಹಿಡಿಯುತ್ತೆ. ಕೇಳೋಕೆ ಉಲ್ಟಾ ಅನ್ನಿಸುತ್ತೆ. ಈಗಿನ ಕೆಲವು ಲಸಿಕೆಗಳು ಆ್ಯಂಟಿಬಾಡಿ ಸ್ವಲ್ಪ ಇದ್ದರೂ ಅದನ್ನು ದಾಟಿ ಹೋಗಬಲ್ಲವು, ಆದರೆ ಎಲ್ಲ ಮರಿಗಳಲ್ಲೂ ಅಲ್ಲ.

ಹಾಗಾಗಿ ಈ ಒಂದು ಮಾತು ನೆನಪಿಡಿ. ಮೂರು ಡೋಸ್ ಅಂದ್ರೆ ಗೋಡೆಗೆ ಮೂರು ಕೋಟ್ ಬಣ್ಣ ಹೊಡೆದು ಗಟ್ಟಿ ಮಾಡಿದ ಹಾಗೆ ಅಲ್ಲ. ಪಾರ್ವೊ, ಡಿಸ್ಟೆಂಪರ್ ಲಸಿಕೆಗಳಲ್ಲಿ ಸರಿಯಾದ ಹೊತ್ತಿಗೆ ಬಿದ್ದ ಒಂದೇ ಡೋಸ್ ಸಾಮಾನ್ಯವಾಗಿ ಸಾಕು. ಆ ಹೊತ್ತು ಯಾವಾಗ ಅಂತ ಗೊತ್ತಿಲ್ಲದ ಕಾರಣ, ಮೂರ್ನಾಲ್ಕು ಸಲ ಹೋಗಿ ಬಾಗಿಲು ತಟ್ಟುತ್ತೇವೆ. ಎಷ್ಟು ಸಲ ತಟ್ಟಿದೆವು ಅನ್ನೋದಕ್ಕಿಂತ, ಕೊನೇ ಸಲ ಯಾವಾಗ ತಟ್ಟಿದೆವು ಅನ್ನೋದು ಮುಖ್ಯ.

ಕೊನೇ ಸಲ ಯಾವಾಗ? ಪಶುವೈದ್ಯರ ಅಂತರರಾಷ್ಟ್ರೀಯ ಸಂಘಟನೆ ವರ್ಲ್ಡ್ ಸ್ಮಾಲ್ ಆನಿಮಲ್ ವೆಟರಿನರಿ ಅಸೋಸಿಯೇಷನ್‌ನ ಮಾರ್ಗಸೂಚಿ ಹೇಳೋದು ಹೀಗೆ: 6ರಿಂದ 8 ವಾರಕ್ಕೆ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆ ಕೊಡುತ್ತಾ, ಕೊನೆಯ ಡೋಸ್ 16 ವಾರಕ್ಕೆ ಅಥವಾ ಅದಾದ ಮೇಲೆ ಬೀಳಬೇಕು. 2024ರ ಮಾರ್ಗಸೂಚಿಯಲ್ಲಿ 26 ವಾರದ ಹೊತ್ತಿಗೆ, ಅಂದ್ರೆ ಆರು ತಿಂಗಳಿಗೆ ಇನ್ನೊಂದು ಡೋಸ್ ಹೇಳಿದ್ದಾರೆ. ಇದನ್ನು ಬೂಸ್ಟರ್ ಅಂತ ಕರೀತಾರೆ ನಿಜ, ಆದರೆ ಮುಖ್ಯ ಉದ್ದೇಶ ಬೇರೆ. 16 ವಾರಕ್ಕೂ ಲಸಿಕೆ ಹಿಡಿಯದೆ ಉಳಿದ ಕೆಲವೇ ಮರಿಗಳನ್ನು ಒಂದು ವರ್ಷ ಹಾಗೇ ಬಿಡದೆ ಬೇಗ ಹಿಡಿಯೋದು. 

ಶೇರುವಿಗೆ ಸೆಪ್ಟೆಂಬರ್ 21ಕ್ಕೆ 16 ವಾರ ಆಗ್ತಿತ್ತು. ನಮ್ಮ ಲೆಕ್ಕದ ಪ್ರಕಾರ ಅವತ್ತಿನ ಡೋಸ್ ಹಿಡೀತಿತ್ತು. ಅಲ್ಲಿವರೆಗೆ ಮೈದಾನಕ್ಕೆ ಇಳಿಸಬಾರದಿತ್ತು.

ಹಾಗಿದ್ರೆ ಸೀದಾ 16 ವಾರಕ್ಕೇ ಒಂದು ಡೋಸ್ ಕೊಟ್ಟರೆ ದುಡ್ಡೂ ಉಳಿಯುತ್ತಲ್ಲ? ತಂಗಿಯನ್ನು ನೆನಪು ಮಾಡಿಕೊಳ್ಳಿ. ಅವಳ ರಕ್ಷಣೆ ಒಂದು ತಿಂಗಳಿಗೇ ಮುಗಿದಿತ್ತು. 16 ವಾರದವರೆಗೆ ಕಾದಿದ್ದರೆ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಬರಿಮೈಯಲ್ಲಿ ಇರ್ತಿದ್ದಳು. ಬೇಗ ಕೊಡುವ ಡೋಸ್ ಅವಳಂಥವರಿಗೆ, ತಡವಾಗಿ ಕೊಡುವ ಡೋಸ್ ಶೇರುವಿನಂಥವರಿಗೆ. ನಿಮ್ಮ ಮರಿ ಯಾವ ಥರದ್ದು ಅಂತ ನೋಡಿ ಹೇಳೋಕಾಗಲ್ಲ, ಅದಕ್ಕೇ ಎಲ್ಲವೂ ಬೇಕು. ಬೇಗ ಮುಗಿಸೋಣ ಅಂತ ವಾರಕ್ಕೊಂದು ಕೊಡಿಸೋದೂ ಸರಿಯಲ್ಲ, ಎರಡು ವಾರಕ್ಕಿಂತ ಹತ್ತಿರ ಕೊಟ್ಟರೆ ಒಂದು ಲಸಿಕೆ ಇನ್ನೊಂದಕ್ಕೆ ಅಡ್ಡ ಬರಬಹುದು.

ಒಂದು ಎಚ್ಚರಿಕೆ. ಈ ಲೆಕ್ಕ ಎಲ್ಲ ಲಸಿಕೆಗೂ ಹೊಂದಲ್ಲ. ಇಲಿಜ್ವರದ, ಅಂದ್ರೆ ಲೆಪ್ಟೊಸ್ಪೈರಾ ಲಸಿಕೆಯಲ್ಲಿ ಇರೋದು ಸತ್ತ ಬ್ಯಾಕ್ಟೀರಿಯಾ. ಅದಕ್ಕೆ ಎರಡು ಡೋಸ್ ನಿಜವಾಗಿಯೂ ಬೇಕು, ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ರೇಬೀಸ್‌ದು ಬೇರೆ ಇಂಜೆಕ್ಷನ್, ಸಾಮಾನ್ಯವಾಗಿ ಮೂರು ತಿಂಗಳಿಗೆ ಶುರು, ಮುಂದಿನದ್ದು ನಿಮ್ಮ ಡಾಕ್ಟರ್ ಹೇಳಿದಂತೆ. ಅದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.

ಮನೆಯಲ್ಲಿ ಮರಿ ಇದ್ದರೆ ಕಾರ್ಡ್ ತೆಗೆದು ಸ್ಟಿಕ್ಕರ್ ಎಣಿಸಬೇಡಿ, ವಾರ ಎಣಿಸಿ. ಹುಟ್ಟಿದ ದಿನಕ್ಕೆ 112 ದಿನ ಸೇರಿಸಿ. ಆ ದಿನ ಅಥವಾ ಆಮೇಲೆ ಪಾರ್ವೊ ಇರುವ ಒಂದು ಡೋಸ್ ಇದೆಯಾ ನೋಡಿ. ಇಲ್ಲದಿದ್ದರೆ ಡಾಕ್ಟರ್‌ಗೆ ನೇರವಾಗಿ ಕೇಳಿ: "ಸರ್, 16 ವಾರದ ಡೋಸ್ ಕೊಡ್ತೀರಾ?" ಬೀದಿಯಿಂದ ತಂದ ಮರಿಗೆ ಹುಟ್ಟಿದ ದಿನ ಗೊತ್ತಿರಲ್ಲ. ಆಗ ಹಲ್ಲು ನೋಡಿಸಿ. ಮುಂದಿನ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರ್ತಾ ಇದ್ದರೆ ಮರಿಗೆ ಸುಮಾರು ನಾಲ್ಕು ತಿಂಗಳು.

ಅಲ್ಲಿವರೆಗೆ ಮರಿಯನ್ನು ಮನೆಯಲ್ಲೇ ಕೂಡಿ ಹಾಕಬೇಕಾಗಿಲ್ಲ. ಎತ್ತಿಕೊಂಡು ಹೋಗಿ ಬಸ್ಸು, ಜನ, ಸದ್ದು ಎಲ್ಲ ತೋರಿಸಿ. ಲಸಿಕೆ ಪೂರ್ತಿಯಾದ ಆರೋಗ್ಯವಂತ ನಾಯಿ ಇರೋ ಮನೆಗೂ ಕರೆದೊಯ್ಯಬಹುದು. ಗುರುತಿಲ್ಲದ ನಾಯಿಗಳು ಮಲವಿಸರ್ಜನೆ ಮಾಡುವ ಜಾಗದಲ್ಲಿ ಮಾತ್ರ ಕೆಳಗೆ ಬಿಡಬೇಡಿ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ, ನಿಮ್ಮ ಚಪ್ಪಲಿಗೆ ಅಂಟಿಕೊಂಡು ಮನೆಗೂ ಬರುತ್ತೆ. ಮರಿ ಊಟ ಬಿಟ್ಟು ವಾಂತಿ ಶುರುವಾದರೆ, ಎಷ್ಟೇ ಡೋಸ್ ಆಗಿರಲಿ, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಶೇರು ಆರು ದಿನ ಡ್ರಿಪ್ ಮೇಲಿದ್ದ. ಏಳನೇ ದಿನ ಎರಡು ಚಮಚ ಗಂಜಿ ನೆಕ್ಕಿದ, ಉಳಿದುಕೊಂಡ. ಆ ವಾರ ಅದೇ ಕ್ಲಿನಿಕ್‌ಗೆ ಬಂದಿದ್ದ ಇನ್ನೆರಡು ಮರಿಗಳು ಉಳಿಯಲಿಲ್ಲ. ಇವನು ಹಳೇ ಕಾರ್ಡ್ ಇನ್ನೂ ಇಟ್ಟುಕೊಂಡಿದ್ದಾನೆ. "ಒಂದು ವರ್ಷದ ನಂತರ" ಅಂತ ಇದ್ದ ಸಾಲು ಹೊಡೆದುಹಾಕಿ, ಅದರ ಕೆಳಗೆ ಪೆನ್ನಲ್ಲಿ "26 ವಾರ, ನವೆಂಬರ್ 30" ಅಂತ ಬರೆದುಕೊಂಡಿದ್ದಾನೆ.