ಒಬ್ಬ ಅಡುಗೆಯವರು ಸಾಕು



ನಮ್ಮ ಬೀದಿಯ ಹೆಣ್ಣುಮಗಳೊಬ್ಬರು ನಾಮಕರಣ, ಗೃಹಪ್ರವೇಶಗಳ ಏರ್ಪಾಡು ವಹಿಸಿಕೊಳ್ಳುತ್ತಾರೆ. ಕೆಲಸ ಬಲು ಅಚ್ಚುಕಟ್ಟು, ಪರಿಚಯದವರು ಮಾತ್ರ ಕಡಿಮೆ. ಅದಕ್ಕೇ ಅವರು ಮೊದಲು ಹುಡುಕಿದ್ದು ಒಬ್ಬ ಒಳ್ಳೆಯ ಅಡುಗೆಯವರನ್ನು. ಸಮಾರಂಭಗಳಿಗೆ ಅಡುಗೆ ಮಾಡುವವರಿಗೆ ಶಾಮಿಯಾನದವರು, ಪಾತ್ರೆ ಬಾಡಿಗೆಯವರು, ಹೂವಿನವರು ಎಲ್ಲರೂ ಗೊತ್ತು. ಯಾರು ಹೇಳಿದ ಹೊತ್ತಿಗೆ ಬರುತ್ತಾರೆ ಎಂಬುದೂ ಗೊತ್ತು.

ಮೊನ್ನೆ 60 ಜನರ ಒಂದು ನಾಮಕರಣ. ಮುಹೂರ್ತ ಹತ್ತೂವರೆಗೆ. ಅವರು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರು. ಹತ್ತಕ್ಕೆ ಮಗುವಿಗೆ ಹಾಲು ಕುಡಿಸಿ ಆಗಿರಬೇಕು. ಒಂಬತ್ತೂವರೆಗೆ ತೊಟ್ಟಿಲ ಅಲಂಕಾರ ಮುಗಿದಿರಬೇಕು. ತೊಟ್ಟಿಲು ಹಿಂದಿನ ಸಂಜೆಯೇ ಬರಬೇಕು. ಅದರ ಸರಪಳಿ, ಕೊಕ್ಕೆ ಜಗ್ಗಿ ನೋಡಲು ಬೆಳಿಗ್ಗೆ ಪುರುಸೊತ್ತು ಸಿಗದು. ಹೆಸರು ಬರೆಯುವ ಅಕ್ಕಿಯ ತಟ್ಟೆ ಎಲ್ಲಿರಬೇಕು, ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವರು ಯಾರು ಎಂಬುದನ್ನು ಅಜ್ಜಿಯನ್ನೇ ಕೇಳಿ ಬರೆದುಕೊಂಡರು. ಮನೆಮನೆಗೂ ಪದ್ಧತಿ ಬೇರೆ.

ಊಟ ಮುಗಿದ ಮೇಲೆ ಪಾತ್ರೆ ಎಣಿಸಿ ಒಪ್ಪಿಸಿದರು. ಎಲ್ಲರ ಬಾಕಿಯನ್ನೂ ಅಂದೇ ತೀರಿಸಿದರು. ಮುಂದಿನ ಸಲ ಕರೆದಾಗ ಅವರೆಲ್ಲ ತಪ್ಪದೆ ಬರುವುದು ಇದಕ್ಕೇ.

ನೀವೂ ಇಂಥ ಕೆಲಸಕ್ಕೆ ಕೈಹಾಕುವುದಾದರೆ ನಂಬಿಕಸ್ಥರಾದ ಒಬ್ಬರನ್ನು ಹಿಡಿಯಿರಿ. ದುಡಿದವರ ಹಣವನ್ನು ಅಂದೇ ಕೊಡಿ.