ಓಪನ್ ಆಗದ ಕ್ಲಿಪ್: ಕಾರ್ಡ್ ಫಾರ್ಮ್ಯಾಟ್ ಮಾಡೋ ಮುಂಚೆ ಇದನ್ನ ಕೇಳಿ

ಇವತ್ತಿನ ಮಾತು ರೆಕಾರ್ಡಿಂಗ್ ಮಧ್ಯದಲ್ಲೇ ನಿಂತುಹೋದ ವಿಡಿಯೊ ಬಗ್ಗೆ.

ಒಂದು ಉದಾಹರಣೆ ತಗೊಳ್ಳೋಣ. ಮದುವೆ ಶೂಟ್. ಧಾರೆ ನಡೀತಾ ಇದೆ. ರೆಕಾರ್ಡಿಂಗ್ ಶುರುವಾಗಿ 12 ನಿಮಿಷ ಆದಾಗ ಬ್ಯಾಟರಿ ಖಾಲಿಯಾಗಿ ಕ್ಯಾಮೆರಾ ಆಫ್ ಆಗುತ್ತೆ. ಮನೆಗೆ ಬಂದು ಕಾರ್ಡ್ ಹಾಕಿದರೆ `C0042.MP4` ಅನ್ನೋ ಫೈಲ್ ಕಾಣುತ್ತೆ, ಆದ್ರೆ ಯಾವ ಪ್ಲೇಯರ್‌ನಲ್ಲೂ ಓಪನ್ ಆಗಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಕೂಡ ಅದನ್ನು ಒಳಗೆ ಬಿಟ್ಟುಕೊಳ್ಳಲ್ಲ. ಧಾರೆಯನ್ನ ಮತ್ತೆ ಶೂಟ್ ಮಾಡೋಕಂತೂ ಆಗಲ್ಲ.

ಇಲ್ಲಿ ಆಗಿರೋದೇನು? ಎಂಪಿ4 ಫೈಲಿನಲ್ಲಿ ಮುಖ್ಯವಾಗಿ ಎರಡು ಭಾಗ ಇರುತ್ತೆ. `mdat` ಅನ್ನೋದರಲ್ಲಿ ಚಿತ್ರ ಮತ್ತು ಧ್ವನಿಯ ಡೇಟಾ ಸಾಲಾಗಿ ತುಂಬಿರುತ್ತೆ. `moov` ಅನ್ನೋದು ಅದರ ಪರಿವಿಡಿ. ಯಾವ ಫ್ರೇಮ್ ಎಲ್ಲಿ ಶುರುವಾಗುತ್ತೆ, ಎಷ್ಟು ದೊಡ್ಡದು, ಯಾವ ಕ್ಷಣಕ್ಕೆ ಬರಬೇಕು ಅನ್ನೋದೆಲ್ಲ ಅದರಲ್ಲಿರುತ್ತೆ. ಬಹುತೇಕ ಕ್ಯಾಮೆರಾಗಳು ಈ ಪರಿವಿಡಿಯನ್ನ ಬರೆಯೋದು ನೀವು ಸ್ಟಾಪ್ ಒತ್ತಿದ ಮೇಲೆ. ಅದಕ್ಕೆ ಮುಂಚೆ ಕರೆಂಟ್ ಹೋದರೆ ಹಾಳೆಗಳೆಲ್ಲ ಉಳಿಯುತ್ತವೆ, ಪುಟಸಂಖ್ಯೆ ಮಾತ್ರ ಇರಲ್ಲ.

ಮೊದಲು ಮಾಡಬೇಕಾದ್ದು, ಆ ಕಾರ್ಡ್‌ಗೆ ಹೊಸದೇನನ್ನೂ ಬರೆಯದೇ ಇರೋದು. ಎಸ್‌ಡಿ ಕಾರ್ಡ್ ಆದ್ರೆ ಪಕ್ಕದ ಲಾಕ್ ಸ್ವಿಚ್ ಕೆಳಗೆ ಎಳೆಯಿರಿ. ಕಂಪ್ಯೂಟರ್ ‘ಫಾರ್ಮ್ಯಾಟ್ ಮಾಡಲಾ?’, ‘ಸರಿಪಡಿಸಲಾ?’ ಅಂತ ಕೇಳಿದ್ರೆ ಬೇಡ ಅನ್ನಿ. ಕಾರ್ಡ್‌ನಲ್ಲಿರೋದನ್ನೆಲ್ಲ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ, ಮುಂದಿನ ಕೆಲಸ ಆ ಕಾಪಿ ಮೇಲೆ ಮಾತ್ರ ಮಾಡಿ.

ಈಗ ಫೈಲ್ ಸೈಜ್ ನೋಡಿ. ನಮ್ಮ ಕ್ಯಾಮೆರಾ ಸೆಟ್ಟಿಂಗ್ ಸೆಕೆಂಡಿಗೆ 100 ಮೆಗಾಬಿಟ್ ಇತ್ತು ಅಂದ್ಕೊಳ್ಳಿ. ಅಂದ್ರೆ ಸೆಕೆಂಡಿಗೆ 12.5 ಎಂಬಿ, 12 ನಿಮಿಷಕ್ಕೆ ಸುಮಾರು 9 ಜಿಬಿ. ಫೈಲ್ ಹತ್ತಿರ ಹತ್ತಿರ ಅಷ್ಟೇ ಇದ್ರೆ ಆಸೆ ಇಟ್ಟುಕೊಳ್ಳಬಹುದು. ಸೊನ್ನೆ ಅಂತ ತೋರಿಸಿದ್ರೆ ಅದು ರಿಪೇರಿ ವಿಷಯ ಅಲ್ಲ. ಆಗ ಫೋಟೊರೆಕ್‌ನಂಥ ರಿಕವರಿ ಸಾಫ್ಟ್‌ವೇರ್‌ನಿಂದ ಕಾರ್ಡ್‌ನಲ್ಲೇ ಡೇಟಾ ಹುಡುಕಬೇಕು.

ಸೈಜ್ ಸರಿಯಿದ್ರೆ, ಎಫ್‌ಎಫ್‌ಎಂಪೆಗ್ ಜೊತೆ ಉಚಿತವಾಗಿ ಬರೋ ಈ ಕಮಾಂಡ್ ಕೊಡಿ:

```
ffprobe C0042.MP4
```

`moov atom not found` ಅಂತ ಬಂದ್ರೆ ಕಳೆದುಹೋಗಿರೋದು ಪರಿವಿಡಿ ಅಂತ ಗೊತ್ತಾಯ್ತು. ಕಾಪಿ ಭದ್ರವಾಗಿದ್ರೆ ಲಾಕ್ ತೆಗೆದು, ಕಾರ್ಡನ್ನ ಅದೇ ಕ್ಯಾಮೆರಾಗೆ ಹಾಕಿ ಆನ್ ಮಾಡಿ ನೋಡಿ. ಕೆಲವು ಕ್ಯಾಮೆರಾಗಳು ಅರ್ಧಕ್ಕೆ ನಿಂತ ಫೈಲನ್ನ ತಾವೇ ಸರಿಮಾಡ್ತವೆ.

ಅದಾಗಲಿಲ್ಲ ಅಂದ್ರೆ ಅನ್‌ಟ್ರಂಕ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಗಿಟ್‌ಹಬ್‌ನಲ್ಲಿ `anthwlock/untrunc` ಅಂತ ಹುಡುಕಿ. ಇದಕ್ಕೆ ಒಂದು ಒಳ್ಳೆ ಕ್ಲಿಪ್ ಮಾದರಿಯಾಗಿ ಬೇಕು. ಮಾದರಿಯನ್ನ ನೋಡಿ ಇದು ಕೆಟ್ಟ ಫೈಲಿನ ಒಂದೊಂದೇ ಫ್ರೇಮ್ ಗುರುತಿಸಿ ಹೊಸ ಪರಿವಿಡಿ ಕಟ್ಟುತ್ತೆ. ಹಾಗಾಗಿ ಮಾದರಿ ಅದೇ ಕ್ಯಾಮೆರಾದ್ದಾಗಿರಬೇಕು. ರೆಸಲ್ಯೂಷನ್, ಫ್ರೇಮ್ ರೇಟ್, ಆಡಿಯೊ ಸೆಟ್ಟಿಂಗ್ ಎಲ್ಲವೂ ಅದೇ ಇರಬೇಕು. ಧಾರೆಗೆ ಸ್ವಲ್ಪ ಮುಂಚೆ ತೆಗೆದ `C0041.MP4` ಇದಕ್ಕೆ ಸರಿಹೋಗುತ್ತೆ. ಅಂಥದ್ದಿಲ್ಲ ಅಂದ್ರೆ ಅದೇ ಸೆಟ್ಟಿಂಗ್‌ನಲ್ಲಿ ಕೆಲವು ನಿಮಿಷ ಹೊಸದಾಗಿ ರೆಕಾರ್ಡ್ ಮಾಡಿ, ಆದ್ರೆ ಬೇರೆ ಕಾರ್ಡ್‌ನಲ್ಲಿ.

```
untrunc C0041.MP4 C0042.MP4
```

ಒಳ್ಳೆ ಕ್ಲಿಪ್ ಮೊದಲು, ಕೆಟ್ಟದ್ದು ಆಮೇಲೆ. ಹೆಸರಿನಲ್ಲಿ `_fixed` ಇರೋ ಹೊಸ ಫೈಲ್ ಸಿಗುತ್ತೆ. ಅದಕ್ಕೆ `dhare.mp4` ಅಂತ ಹೆಸರಿಟ್ಟು ಪರೀಕ್ಷೆ ಮಾಡಿ:

```
ffmpeg -v error -i dhare.mp4 -f null -
```

ಇದು ಇಡೀ ಕ್ಲಿಪ್ಪನ್ನ ಓದಿ, ತಪ್ಪು ಕಂಡಲ್ಲಿ ಮಾತ್ರ ಸಾಲು ಬರೆಯುತ್ತೆ. ಕೊನೆಯ ಒಂದೆರಡು ಸೆಕೆಂಡ್‌ನಲ್ಲಿ ತಪ್ಪು ಬಂದ್ರೆ ಸಹಜ, ಅಷ್ಟನ್ನು ಕತ್ತರಿಸಿ. ಆಮೇಲೆ ಶುರು, ಮಧ್ಯ, ಕೊನೆ, ಮೂರೂ ಕಡೆ ತುಟಿ ಮತ್ತು ಮಾತು ಹೊಂದುತ್ತಾ ಅಂತ ಕಣ್ಣಾರೆ ನೋಡಿ. ಎಲ್ಲ ಕಡೆ ಒಂದೇ ಅಂತರ ಇದ್ರೆ ಟೈಮ್‌ಲೈನ್‌ನಲ್ಲಿ ಆಡಿಯೊ ಬೇರ್ಪಡಿಸಿ ಸರಿಸಿದ್ರೆ ಸಾಕು. ಹೋಗ್ತಾ ಹೋಗ್ತಾ ಅಂತರ ಹೆಚ್ಚಾದ್ರೆ ಮಾದರಿಯ ಫ್ರೇಮ್ ರೇಟ್ ಬೇರೆ ಇರಬಹುದು, ಮಾದರಿ ಬದಲಿಸಿ ನೋಡಿ.

ಒಂದು ಮಿತಿ ಇದೆ. ಅನ್‌ಟ್ರಂಕ್ ಪರಿವಿಡಿ ಕಟ್ಟುತ್ತೆ, ಹಾಳೆ ಸೃಷ್ಟಿಸಲ್ಲ. ಕಾರ್ಡ್ ನಕಲಿಯಾಗಿದ್ದು ಸೈಜ್ 9 ಜಿಬಿ ತೋರಿಸ್ತಾ ಒಳಗೆ ಬರೀ ಸೊನ್ನೆಗಳೇ ತುಂಬಿದ್ರೆ ಯಾವ ಸಾಫ್ಟ್‌ವೇರೂ ಚಿತ್ರ ತರಲಾರದು. ಕಾಪಿ ಮಾಡುವಾಗಲೇ ಕಾರ್ಡ್ ಓದೋಕೆ ಆಗದೆ ಪದೇ ಪದೇ ನಿಂತರೆ ಮತ್ತೆ ಮತ್ತೆ ಪ್ರಯತ್ನ ಮಾಡಬೇಡಿ, ಡೇಟಾ ರಿಕವರಿ ಮಾಡೋರ ಕೈಗೆ ಕೊಡಿ. ಹೋಗುವಾಗ ಮಾದರಿ ಕ್ಲಿಪ್ ಜೊತೆಗಿರಲಿ, ಅವರಿಗೂ ಅದು ಬೇಕಾಗುತ್ತೆ.